ಒಂದೆಲಗದ ತಂಬುಳಿ ಮತ್ತು ತುಂಡಾಗುವ ವಿಳಾಸ

ಶಿರಸಿ ಸೀಮೆಯ ಅಡುಗೆ, ತೋಟ, ಯಕ್ಷಗಾನ, ತಿರುಗಾಟದ ಬಗ್ಗೆ ವರ್ಡ್‌ಪ್ರೆಸ್‌ನಲ್ಲಿ ಬರೆಯುತ್ತೇನೆ. ಬರಹಗಳು ಹೆಚ್ಚುತ್ತಿದ್ದಂತೆ ನಾನು ಮೊದಲು ಕೈಹಾಕಿದ್ದು ಪರ್ಮಾಲಿಂಕ್‌ಗೆ, ಅಂದರೆ ಬರಹದ ಕಾಯಂ ವಿಳಾಸಕ್ಕೆ. ವಿಭಾಗವನ್ನು ಯಾವಾಗ ಬೇಕಾದರೂ ಬದಲಿಸಬಹುದು. ವಿಳಾಸ ಹಾಗಲ್ಲ, ಒಮ್ಮೆ ನಾಲ್ಕು ವಾಟ್ಸಾಪ್ ಗುಂಪುಗಳಿಗೆ ಹೋಯಿತೆಂದರೆ ಹೋದದ್ದೇ.

Settings → Permalinks ನಲ್ಲಿ Post name ಆರಿಸಿದೆ:

```
/%postname%/
```

ವಿಳಾಸದಲ್ಲಿ ವಿಭಾಗದ ಹೆಸರೂ ಬಂದರೆ ಚೆಂದ ಅಂತ ಹಲವರು `%category%` ಸೇರಿಸುತ್ತಾರೆ. ನಾನು ಸೇರಿಸಲಿಲ್ಲ. ನಾಳೆ ಆ ಬರಹವನ್ನು 'ಅಡುಗೆ'ಯಿಂದ 'ತೋಟ'ಕ್ಕೆ ಸರಿಸಿದರೆ ವಿಳಾಸವೂ ಬದಲಾಗುತ್ತದೆ. ಎರಡು ವಿಭಾಗಕ್ಕೆ ಟಿಕ್ ಹಾಕಿದ್ದರೆ, ಯಾವುದರ ಐಡಿ ಸಂಖ್ಯೆ ಚಿಕ್ಕದೋ, ಅಂದರೆ ಯಾವುದನ್ನು ಮೊದಲು ಮಾಡಿದ್ದೆವೋ, ಅದೇ ವಿಳಾಸಕ್ಕೆ ಹೋಗಿ ಕೂರುತ್ತದೆ.

ಕನ್ನಡದವರಿಗೆ ನಿಜವಾದ ತಲೆನೋವು ಸ್ಲಗ್, ಅಂದರೆ ವಿಳಾಸದಲ್ಲಿ ಬರಹದ ಹೆಸರು ಬರುವ ಭಾಗ. ಶೀರ್ಷಿಕೆ ಕನ್ನಡದಲ್ಲಿದ್ದರೆ ವರ್ಡ್‌ಪ್ರೆಸ್ ಸ್ಲಗ್ಗನ್ನೂ ಕನ್ನಡದಲ್ಲೇ ಮಾಡುತ್ತದೆ. ಬ್ರೌಸರ್‌ನಲ್ಲಿ ಅದು ಲಕ್ಷಣವಾಗಿಯೇ ಕಾಣುತ್ತದೆ. ನಕಲು ಮಾಡಿ ಅಂಟಿಸಿದಾಗ ಮಾತ್ರ `%E0%B2%92%E0%B2%82` ಎಂದು ಉದ್ದಕ್ಕೆ ಹರಡಿಕೊಳ್ಳುತ್ತದೆ. 'ಒಂ' ಎಂಬಷ್ಟಕ್ಕೇ ಇಷ್ಟು! ಅಕ್ಷರಕ್ಕೆ 9 ಸ್ಥಾನ, ಅದರ ಗುಣಿತದ ಚಿಹ್ನೆಗೆ ಮತ್ತೆ 9. ಸ್ಲಗ್‌ಗೆ ಇರುವ ಜಾಗ ಒಟ್ಟು 200. 'ಒಂದೆಲಗದ ತಂಬುಳಿ ಮಾಡುವ ವಿಧಾನ' ಎಂದು ಶೀರ್ಷಿಕೆ ಕೊಟ್ಟರೆ 'ವಿಧ' ಎನ್ನುವಲ್ಲಿಗೆ 192 ಮುಗಿಯುತ್ತದೆ. ಮುಂದಿನ ದೀರ್ಘಕ್ಕೆ ಜಾಗ ಸಾಲದೆ ಸ್ಲಗ್ 'ಒಂದೆಲಗದ-ತಂಬುಳಿ-ಮಾಡುವ-ವಿಧ' ಎಂದು ಅಲ್ಲಿಗೇ ತುಂಡಾಗುತ್ತದೆ. ಎಚ್ಚರಿಕೆಯ ಸಂದೇಶವೇನೂ ಬರುವುದಿಲ್ಲ. ಪ್ರಕಟಿಸುವ ಮೊದಲು ನಾವೇ ನೋಡಿಕೊಳ್ಳಬೇಕು.

ಹಾಗಾಗಿ ಶೀರ್ಷಿಕೆಯನ್ನು ಕನ್ನಡದಲ್ಲೇ ಬಿಟ್ಟು, ಬಲಬದಿಯ ಪಟ್ಟಿಯ Slug ಜಾಗದಲ್ಲಿ `ondelaga-tambuli` ಎಂದು ಟೈಪ್ ಮಾಡುತ್ತೇನೆ. ಹಳೆಯ ಬರಹಗಳನ್ನೂ ಹೀಗೇ ತಿದ್ದಿದೆ. ಪ್ರಕಟವಾದ ಬರಹದ ಸ್ಲಗ್ ಬದಲಿಸಿದರೆ ಹಳೆಯದನ್ನು ವರ್ಡ್‌ಪ್ರೆಸ್ ನೆನಪಿಟ್ಟುಕೊಂಡು ಓದುಗರನ್ನು ಹೊಸದಕ್ಕೆ ಕಳಿಸುತ್ತದೆ. ಆ ಹಳೆಯ ಸ್ಲಗ್ಗನ್ನು ಮತ್ತೊಂದು ಬರಹಕ್ಕೆ ಕೊಡದಿದ್ದರಾಯಿತು. ವಿಭಾಗ, ಟ್ಯಾಗ್‌ಗಳಿಗೂ ಇದೇ ಕ್ರಮ: ಹೆಸರು 'ಅಡುಗೆ', ಸ್ಲಗ್ `aduge`. ಇವುಗಳ ಹಳೆಯ ಸ್ಲಗ್ಗನ್ನು ಮಾತ್ರ ಅದು ನೆನಪಿಡುವುದಿಲ್ಲ, ಶುರುವಿನಲ್ಲೇ ಸರಿಯಾಗಿ ಇಡಬೇಕು.

ವಿಭಾಗ ನಾಲ್ಕೇ ಸಾಕೆನಿಸಿತು. ಒಂದು ಬರಹಕ್ಕೆ ಒಂದೇ. ವಿಭಾಗಗಳನ್ನು ಅಡ್ಡಲಾಗಿ ದಾಟುವ ವಿಷಯವಿದ್ದರೆ ಅದು ಟ್ಯಾಗ್. ಮುರುಗಲಿನ ಶರಬತ್ತು ಅಡುಗೆಯಲ್ಲಿದೆ, ಮುರುಗಲು ಮರ ತೋಟದಲ್ಲಿದೆ. ಎರಡನ್ನೂ 'ಮುರುಗಲು' ಟ್ಯಾಗ್ ಒಂದೆಡೆ ತರುತ್ತದೆ. ಆದರೆ 'ಮುರುಗಲ ಹಣ್ಣು', 'ಕೋಕಂ' ಎಂದೂ ಬರೆದರೆ ಅವು ಬೇರೆ ಬೇರೆ ಟ್ಯಾಗ್‌ಗಳೇ ಆಗುತ್ತವೆ. ಅವನ್ನು ಕೂಡಿಸುವ ಗುಂಡಿ ವರ್ಡ್‌ಪ್ರೆಸ್‌ನಲ್ಲಿ ಇಲ್ಲ. Posts → Tags ನಲ್ಲಿ 'ಕೋಕಂ' ಎದುರಿನ Count ಸಂಖ್ಯೆ ಒತ್ತಿದರೆ ಅದರ ಬರಹಗಳಷ್ಟೇ ಬರುತ್ತವೆ. ಎಲ್ಲವನ್ನೂ ಆರಿಸಿ, Bulk actions ನಲ್ಲಿ Edit ಕೊಟ್ಟು 'ಮುರುಗಲು' ಸೇರಿಸಿ, ಆಮೇಲೆ 'ಕೋಕಂ' ಅಳಿಸುತ್ತೇನೆ. ಟ್ಯಾಗ್ ಅಳಿಸಿದರೆ ಬರಹಕ್ಕೆ ಏನೂ ಆಗುವುದಿಲ್ಲ. Count 1 ಇರುವ ಟ್ಯಾಗ್‌ಗಳನ್ನೂ ಆಗಾಗ ಹೀಗೇ ತೆಗೆಯುತ್ತಿರುತ್ತೇನೆ.