ಕಚ್ಚಿಕೊಂಡ ಸ್ಪಾರ್ಕ್ ಪ್ಲಗ್: ಅಲುಗಿದೊಡನೆ ಕೈ ತಡೆಯಿರಿ

ಬಿಗಿದುಕೊಂಡ ಪ್ಲಗ್ ಬಿಡಿಸಲು ಬೆವರು ಸುರಿಸಿದವರು, ಅದು ಒಮ್ಮೆ ಅಲುಗಿದೊಡನೆ ಗೆದ್ದೆವೆಂದು ಸರಸರನೆ ತಿರುಗಿಸಿಬಿಡುತ್ತಾರೆ. ಪ್ಲಗ್ ಕೂರುವ ಎಂಜಿನ್ ಹೆಡ್‌ನ ಥ್ರೆಡ್ ಹಾಳಾಗುವುದು ಹೆಚ್ಚಾಗಿ ಆಗಲೇ. ಪ್ಲಗ್‌ನ ತುದಿಯ ಸುತ್ತುಗಳಿಗೆ ಗಟ್ಟಿ ಇದ್ದಿಲು ಅಂಟಿರುತ್ತದೆ. ಪ್ಲಗ್ ಮೇಲೆ ಬರುವಾಗ ಆ ಇದ್ದಿಲು ಮೆತ್ತಗಿನ ಅಲ್ಯೂಮಿನಿಯಂ ಥ್ರೆಡ್ ಅನ್ನು ಅರದಂತೆ ಕೆರೆಯುತ್ತದೆ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಅಲ್ಯೂಮಿನಿಯಂ ಇನ್ನೂ ಮೆತ್ತಗಿರುತ್ತದೆ. ಪ್ಲಗ್ ಮೇಲಿನ ಕಾಯಿಲ್ ತೆಗೆದು, ಪ್ಲಗ್ ಕೂತ ಗುಂಡಿಯೊಳಗಿನ ಮರಳು, ಕಸವನ್ನು ಗಾಳಿ ಹೊಡೆದು ಹೊರಹಾಕಿ. ಕಣ್ಣಿಗೆ ಕನ್ನಡಕವಿರಲಿ.

ಆರು ಮೂಲೆಯ ಪ್ಲಗ್‌ಗೆ ಸಾಕೆಟ್ ಆರು ಮೂಲೆಯದೇ ಆಗಬೇಕು. ಹನ್ನೆರಡು ಮೂಲೆಯದು ಜಾರುತ್ತದೆ. ಅದನ್ನು ಕೊನೆಯವರೆಗೆ ಕೂರಿಸಿ, ಎಕ್ಸ್‌ಟೆನ್ಷನ್ ಪ್ಲಗ್‌ನ ನೇರಕ್ಕೆ ನಿಂತಿದೆಯೇ ನೋಡಿ. ಪಿಂಗಾಣಿ ಒಡೆಯುವುದು ಬಹುಪಾಲು ಓರೆ ಒತ್ತಡದಿಂದ. ಒಂದು ಕೈ ಎಕ್ಸ್‌ಟೆನ್ಷನ್‌ನ ತಲೆಯನ್ನು ಹಿಡಿದಿರಲಿ, ಇನ್ನೊಂದು ಮಾತ್ರ ಹಿಡಿಕೆಯನ್ನು ತಿರುಗಿಸಲಿ. ಇಂಪ್ಯಾಕ್ಟ್ ಗನ್ ಹತ್ತಿರವೂ ಬೇಡ.

ಇನ್ನು ಮುಖ್ಯ ಘಟ್ಟ. ಎಂಟನೇ ಒಂದು ಸುತ್ತು, ಹೆಚ್ಚೆಂದರೆ ಕಾಲು ಸುತ್ತು ಬಿಡಿಸಿ ನಿಲ್ಲಿಸಿ. ಸೀಲು ಬಿಟ್ಟ ಆ ಸಂದಿಗೆ ಪೆನೆಟ್ರೇಟಿಂಗ್ ಆಯಿಲ್ ತುಸು ಹಾಕಿ, ಕೆಲವು ಗಂಟೆ ಬಿಡಿ. ಸಾಧ್ಯವಾದರೆ ರಾತ್ರಿಯಿಡೀ. ಬಾಗಿಲ ತಿರುಗಣಿಗೆ ಹೊಡೆಯುವ ಸಾಮಾನ್ಯ ಸ್ಪ್ರೇ ಇಲ್ಲಿ ಅಷ್ಟಾಗಿ ಕೆಲಸ ಮಾಡದು. ಪ್ಲಗ್ ಸಡಿಲಿಸದೆ ಎಣ್ಣೆ ಸುರಿಯುವುದೂ ದಂಡ, ಸೀಲು ಅದನ್ನು ಒಳಗೆ ಬಿಡುವುದಿಲ್ಲ.

ಆಮೇಲೆ ಬಿಗಿಯುವ ದಿಕ್ಕಿಗೆ ಸ್ವಲ್ಪ, ಬಿಡಿಸುವ ದಿಕ್ಕಿಗೆ ಅದಕ್ಕಿಂತ ತುಸು ಹೆಚ್ಚು, ಹೀಗೆ ಹಿಂದೆ ಮುಂದೆ ಆಡಿಸಿ. ಬಿಡಿಸುವಾಗ ಬಿಗಿ ಏರಿತೋ, ಕಿರ್ರೆಂದು ಒಣ ಸದ್ದು ಬಂತೋ, ತಕ್ಷಣ ಬಿಗಿಯುವ ದಿಕ್ಕಿಗೆ ತಿರುಗಿಸಿ, ಮತ್ತೆ ಎಣ್ಣೆ ಬಿಟ್ಟು ಕಾಯಿರಿ. ಬಿಗಿ ಒಂದೇ ಸಮನೆ ಇಳಿಯುತ್ತಿದ್ದರೆ ದಾರಿ ಸರಿಯಿದೆ. ಹಿಡಿಕೆ ತಿರುಗಿಯೂ ಪ್ಲಗ್ ಮೇಲೇಳದೆ ರಬ್ಬರಿನಂತೆ ಬಳುಕಿದರೆ ಲೋಹ ತಿರುಚುತ್ತಿದೆ ಎಂದು ತಿಳಿಯಿರಿ. ಅಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಲೇಸು. ಉದ್ದ ಪೈಪು ಸಿಕ್ಕಿಸಿ ಬಲ ಹೆಚ್ಚಿಸುವವರಿಗೆ ಕೈಗೆ ತಟ್ಟುವ ಈ ಸೂಚನೆ ಸಿಗುವುದೇ ಇಲ್ಲ.

ಹೊರಬಂದ ಪ್ಲಗ್‌ನ ಸುತ್ತುಗಳನ್ನು ನೋಡಿ. ಕಪ್ಪು ಪುಡಿಯಿದ್ದರೆ ಅದು ಇದ್ದಿಲು. ಬೆಳ್ಳಿ ಬಣ್ಣದ ಸುರುಳಿ ಅಂಟಿದ್ದರೆ ಹೆಡ್‌ನ ಥ್ರೆಡ್ ಕಿತ್ತು ಬಂದಿದೆ. ಹೊಸ ಪ್ಲಗ್ ಹಾಕುವ ಮಾತು, ಕಿತ್ತ ಥ್ರೆಡ್‌ನ ಜಾಗಕ್ಕೆ ಹೊಸ ಥ್ರೆಡ್ ಕೊಡುವ ಇನ್‌ಸರ್ಟ್ ಕೂರಿಸಿದ ಮೇಲೆ.

ಎಲ್ಲ ಸರಿಯಿದ್ದರೆ ಇಂಧನ ಮತ್ತು ಕಿಡಿ ಎರಡನ್ನೂ ಕಡಿದು, ಪ್ಲಗ್‌ಗಳಿಲ್ಲದೆಯೇ ಕೆಲವು ಸೆಕೆಂಡು ಸ್ಟಾರ್ಟರ್ ತಿರುಗಿಸಿ. ಒಳಗೆ ಇಳಿದ ಎಣ್ಣೆ ಚಿಮ್ಮಿ ಬರುತ್ತದೆ, ಮುಖ ದೂರವಿರಲಿ. ಹೊಸ ಪ್ಲಗ್ ಅನ್ನು ಬರಿಗೈಯಿಂದಲೇ ತಳ ಮುಟ್ಟಿಸಿ, ಕೊನೆಯ ಬಿಗಿಗೆ ಮಾತ್ರ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚ್ ಬಳಸಿ.