ಹಳೇ ಸಿಲಬಸ್ಸಿಗೆ ಕೋರ್ಸ್ ಔಟ್‌ಕಮ್ ಬರೆಯುವುದು ಹೇಗೆ?

ಸಿಲಬಸ್ಸನ್ನು ಔಟ್‌ಕಮ್ ಆಧಾರಿತ ಮಾದರಿಗೆ ತನ್ನಿ ಎಂಬ ಸೂಚನೆ ಬಂದರೆ ಎಷ್ಟೋ ವಿಭಾಗಗಳಲ್ಲಿ ಆಗುವುದು ಇಷ್ಟೇ. ಪತ್ರಿಕೆ ಓದಿ ಮುಗಿಸಿದ ವಿದ್ಯಾರ್ಥಿ ಏನು ಮಾಡಬಲ್ಲ ಎಂದು ಹೇಳುವುದೇ ಕೋರ್ಸ್ ಔಟ್‌ಕಮ್. ನಾಲ್ಕು ಘಟಕ ಇದ್ದರೆ ನಾಲ್ಕು ಕೋರ್ಸ್ ಔಟ್‌ಕಮ್, ಅಂದರೆ ನಾಲ್ಕು ಸಿಒ. ಘಟಕದ ತಲೆಬರಹ ಬರೆದು, ಮುಂದೆ ‘ಅರ್ಥ ಮಾಡಿಕೊಳ್ಳುವರು’ ಎಂದು ಸೇರಿಸಿದರೆ ಮುಗಿಯಿತು. ಫೈಲು ತಯಾರಾಗುತ್ತದೆ, ಆದರೆ ಪಾಠವಾಗಲಿ ಪ್ರಶ್ನೆಪತ್ರಿಕೆಯಾಗಲಿ ಕೂದಲೆಳೆಯಷ್ಟೂ ಬದಲಾಗುವುದಿಲ್ಲ.

ಸರಿಯಾಗಿ ಮಾಡಬೇಕೆಂದರೆ ಘಟಕದಿಂದಲ್ಲ, ಹಳೇ ಪ್ರಶ್ನೆಪತ್ರಿಕೆಯಿಂದ ಶುರು ಮಾಡಬೇಕು. ಒಂದು ಉದಾಹರಣೆ ಇಟ್ಟುಕೊಳ್ಳೋಣ. ದಾವಣಗೆರೆ, ಚಿತ್ರದುರ್ಗ ಭಾಗದ ಕಾಲೇಜಿನಲ್ಲಿ ಬಿ.ಎ. ಇತಿಹಾಸಕ್ಕೆ ‘ಕರ್ನಾಟಕದ ಶಾಸನಗಳು’ ಎಂಬ ಪತ್ರಿಕೆ ಇದೆ ಎನ್ನಿ. ಘಟಕಗಳು ನಾಲ್ಕು: ಶಾಸನದ ಪ್ರಕಾರಗಳು, ಲಿಪಿಯ ಬೆಳವಣಿಗೆ, ಆಯ್ದ ಶಾಸನಗಳು, ಇತಿಹಾಸದ ಆಕರವಾಗಿ ಶಾಸನ. ಪರೀಕ್ಷೆಗೆ 80 ಅಂಕ, ಆಂತರಿಕಕ್ಕೆ 20.

ಹಿಂದಿನ ಎರಡು ಮೂರು ವರ್ಷದ ಪ್ರಶ್ನೆಪತ್ರಿಕೆ ಎದುರಿಗಿಟ್ಟುಕೊಳ್ಳಿ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ವಿದ್ಯಾರ್ಥಿ ಏನು ಮಾಡಿದರೆ ಅಂಕ ಸಿಗುತ್ತದೆ ಎಂದು ಪೆನ್ಸಿಲ್‌ನಲ್ಲಿ ಬರೆಯಿರಿ. ‘ವೀರಗಲ್ಲು ಕುರಿತು ಟಿಪ್ಪಣಿ ಬರೆಯಿರಿ’ ಎಂದರೆ ನೆನಪಿನಿಂದ ಬರೆಯುವುದು. ‘ಶಾಸನಗಳ ಮಹತ್ವವನ್ನು ವಿಮರ್ಶಿಸಿ’ ಎಂದಿದ್ದರೂ ನೋಟ್ಸ್‌ನಲ್ಲಿರುವ ಎಂಟು ಪಾಯಿಂಟ್ ಬರೆದರೆ ಪೂರ್ತಿ ಅಂಕ ಬರುತ್ತದೆ. ಹಾಗಾದರೆ ಅದೂ ನೆನಪೇ, ಅಲ್ವಾ? ಹೀಗೆ ಗುರುತು ಹಾಕುತ್ತಾ ಹೋದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಒಂದೂ ಶಾಸನ ಓದದೆ ಈ ಪತ್ರಿಕೆ ಪಾಸಾಗಬಹುದು. ಹೊಸ ಸಿಲಬಸ್ ತುಂಬಬೇಕಾದ ಕೊರತೆ ಇದೇ.

ಈಗ ಸಿಒ ಬರೆಯಲು ಕೂರಬಹುದು. 1956ರ ಬ್ಲೂಮ್ ವರ್ಗೀಕರಣವನ್ನು 2001ರಲ್ಲಿ ಪರಿಷ್ಕರಿಸಿ ಆರು ಹಂತ ಕೊಟ್ಟಿದ್ದಾರೆ: ನೆನಪು, ಗ್ರಹಿಕೆ, ಅನ್ವಯ, ವಿಶ್ಲೇಷಣೆ, ಮೌಲ್ಯಮಾಪನ, ಸೃಷ್ಟಿ. ಆರನ್ನೂ ತುಂಬಲೇಬೇಕೆಂಬ ಹಟ ಬೇಡ. ಕ್ರಿಯಾಪದ ಮಾತ್ರ ಕಣ್ಣಿಗೆ ಕಾಣುವ ಕೆಲಸವನ್ನೇ ಹೇಳಬೇಕು. ‘ತಿಳಿಯುವರು’, ‘ಅರಿವು ಹೊಂದುವರು’ ಎಂದು ಬರೆದರೆ ಅದನ್ನು ಅಳೆಯಲು ಆಗುವುದಿಲ್ಲ. ನಮ್ಮ ಪತ್ರಿಕೆಗೆ ಹೀಗೆ ಬರೆಯಬಹುದು:

ಸಿಒ 1: ದಾನಶಾಸನ, ವೀರಗಲ್ಲು, ಮಾಸ್ತಿಗಲ್ಲುಗಳ ವ್ಯತ್ಯಾಸವನ್ನು ಉದಾಹರಣೆ ಕೊಟ್ಟು ವಿವರಿಸುವುದು.
ಸಿಒ 2: ಶಾಸನದ ಚಿತ್ರ ನೋಡಿ ಲಿಪಿಯ ಹಂತವನ್ನು ಕಾರಣ ಸಮೇತ ಗುರುತಿಸುವುದು.
ಸಿಒ 3: ಮುದ್ರಿತ ಶಾಸನಪಾಠ ಓದಿ ದಾನಿ, ದಾನ ಪಡೆದವರು, ಕಾಲ, ದಾನದ ವಿವರ, ಶಾಪಾಶಯ ಇವನ್ನು ಬಿಡಿಸಿ ತೋರಿಸುವುದು.
ಸಿಒ 4: ಒಂದು ಚಾರಿತ್ರಿಕ ಹೇಳಿಕೆಗೆ ಶಾಸನ ಎಷ್ಟರ ಮಟ್ಟಿಗೆ ಆಧಾರ ಎಂದು ತೀರ್ಮಾನಿಸುವುದು.

ಘಟಕಗಳಿಗೆ ಜೋಡಿಸುವಾಗ ಒಂದಕ್ಕೊಂದು ಹೊಂದಲೇಬೇಕು ಎಂದಿಲ್ಲ. ಸಿಒ 3ಕ್ಕೆ ಒಂದನೇ ಮತ್ತು ಮೂರನೇ ಘಟಕ ಎರಡೂ ಬೇಕು. ಸಿಒ 4ಕ್ಕೆ ಮೂರು ಮತ್ತು ನಾಲ್ಕು ಬೇಕು. ಯಾವ ಸಿಒಗೂ ಸೇರದ ಪಾಠಭಾಗ ಸಿಕ್ಕಿದರೆ ಸುಮ್ನೆ ಎಲ್ಲಾದರೂ ತುರುಕಬೇಡಿ. ಅದು ಬೇಕೋ ಬೇಡವೋ ಎಂದು ಅಧ್ಯಯನ ಮಂಡಳಿ, ಅಂದರೆ ಬಿಒಎಸ್ ಸಭೆಯಲ್ಲೇ ಚರ್ಚೆಯಾಗಲಿ. ಇಡೀ ಪದವಿಯ ಪ್ರೋಗ್ರಾಂ ಔಟ್‌ಕಮ್ ಜೊತೆ ಪ್ರತಿ ಸಿಒದ ನಂಟು ಗಟ್ಟಿಯಿದ್ದರೆ 3, ಮಧ್ಯಮವಾದರೆ 2, ತೆಳುವಾದರೆ 1 ಎಂದು ಗುರುತಿಸುವಾಗಲೂ ಇದೇ ಮಾತು. ನಂಟಿಲ್ಲದ ಕಡೆ ಅಡ್ಡಗೆರೆ ಹಾಕಿ. ಎಲ್ಲ ಮನೆಯಲ್ಲೂ 3 ಇದ್ದರೆ ಆ ಕೋಷ್ಟಕ ಏನನ್ನೂ ಹೇಳುವುದಿಲ್ಲ.

ನನ್ನ ಪ್ರಕಾರ ನಿಜವಾದ ಕೆಲಸ ಇರುವುದು ಅಂಕ ಹಂಚಿಕೆಯಲ್ಲಿ.

| | ಘಟಕ | ಪರೀಕ್ಷೆ | ಆಂತರಿಕ | ಒಟ್ಟು |
|---|---|---|---|---|
| ಸಿಒ 1 | 1 | 25 | 5 | 30 |
| ಸಿಒ 2 | 2 | 15 | 5 | 20 |
| ಸಿಒ 3 | 1, 3 | 24 | 6 | 30 |
| ಸಿಒ 4 | 3, 4 | 16 | 4 | 20 |

ಆಂತರಿಕದ 20ರಲ್ಲಿ ಒಂದು ಕಿರುಪರೀಕ್ಷೆಗೆ 10 ಅಂಕ ಇಟ್ಟು, ಅದರಲ್ಲಿ ಸಿಒ 1 ಮತ್ತು 2ನ್ನು ನೋಡಬಹುದು. ಉಳಿದ 10 ಕ್ಷೇತ್ರಕಾರ್ಯಕ್ಕೆ. ದಾವಣಗೆರೆಯವರಿಗೆ ಹರಿಹರದ ಹರಿಹರೇಶ್ವರ ದೇವಸ್ಥಾನದ ಶಾಸನಗಳು ಹತ್ತಿರವೇ ಇವೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ 11ನೇ ಸಂಪುಟ ಅಂದಿನ ಚಿತ್ರದುರ್ಗ ಜಿಲ್ಲೆಯದು. ಅದರಿಂದ ಒಬ್ಬೊಬ್ಬರಿಗೆ ಒಂದೊಂದು ಶಾಸನಪಾಠ ಕೊಟ್ಟರೆ ನಕಲು ಮಾಡುವುದೂ ತಪ್ಪುತ್ತದೆ.

ಸಿಒ 4ಕ್ಕೆ ಪ್ರಶ್ನೆ ತೆಗೆಯುವುದು ಕಷ್ಟ ಎನ್ನುವವರು ಜಾಸ್ತಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕನ ಶಾಸನವನ್ನೇ ನೋಡಿ. ಶಾಸನ ಬ್ರಾಹ್ಮಿಯಲ್ಲಿದೆ, ಭಾಷೆ ಪ್ರಾಕೃತ. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಹೇಳಿ, ‘ಲಿಪಿಕರೇಣ’ ಎಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿ ವಾಯವ್ಯ ಭಾಗದ ಲಿಪಿ. ‘ಚಪಡ ವಾಯವ್ಯದಿಂದ ಬಂದವನು ಎಂದು ಇಷ್ಟರಿಂದಲೇ ಹೇಳಬಹುದೇ? ಹೇಳಲು ಇನ್ನೇನು ಆಧಾರ ಬೇಕು?’ ಎಂದು ಎಂಟು ಅಂಕಕ್ಕೆ ಕೇಳಿ. ಮಾಹಿತಿಯನ್ನು ಪ್ರಶ್ನೆಯಲ್ಲೇ ಕೊಟ್ಟಿರುವುದರಿಂದ ಬಾಯಿಪಾಠಕ್ಕೆ ಅಲ್ಲಿ ಕೆಲಸವಿಲ್ಲ. ಹೌದು ಎಂದವನಿಗೂ ಇಲ್ಲ ಎಂದವನಿಗೂ ಪೂರ್ತಿ ಅಂಕ ಬರಬಹುದು, ಅವರು ಕೊಡುವ ಕಾರಣ ಗಟ್ಟಿಯಾಗಿದ್ದರೆ. ಇದನ್ನು ಮೌಲ್ಯಮಾಪನದ ಸ್ಕೀಮ್‌ನಲ್ಲೇ ಬರೆದುಬಿಡಿ. ಇಲ್ಲದಿದ್ದರೆ ಮೌಲ್ಯಮಾಪಕರು ಪಾಯಿಂಟ್ ಎಣಿಸಿ ಅಂಕ ಹಾಕುತ್ತಾರೆ.

ಆಯ್ಕೆಯ ಪ್ರಶ್ನೆಗಳ ಬಗ್ಗೆ ಎಚ್ಚರ ಬೇಕು. ‘ಆರರಲ್ಲಿ ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ’ ಎಂದರೆ ವಿದ್ಯಾರ್ಥಿಗಳು ಬಿಡುವುದು ಸಿಒ 4ರ ಪ್ರಶ್ನೆಯನ್ನೇ. ಆಗ ಕೋಷ್ಟಕದ 16 ಅಂಕ ಕಾಗದದಲ್ಲೇ ಉಳಿಯುತ್ತದೆ. ಆಯ್ಕೆ ಕೊಡಲೇಬೇಕಾದರೆ ಒಂದೇ ಸಿಒದ ಎರಡು ಪ್ರಶ್ನೆಗಳ ನಡುವೆ ‘ಅಥವಾ’ ಹಾಕಿ.

ಫಲಿತಾಂಶ ಬಂದ ಮೇಲೆ ಸಾಧನೆಯ ಲೆಕ್ಕ. ಶೇ 60 ಅಂಕವನ್ನು ಗುರಿ ಎಂದಿಟ್ಟುಕೊಂಡರೆ, ಸಿಒ 3ರ 30 ಅಂಕದಲ್ಲಿ 18 ಪಡೆದವರು ಗುರಿ ಮುಟ್ಟಿದವರು. ತರಗತಿಯ 40 ಜನರಲ್ಲಿ 22 ಮಂದಿ ಮುಟ್ಟಿದ್ದರೆ ಶೇ 55. ಶೇ 50 ದಾಟಿದರೆ 1, 60 ದಾಟಿದರೆ 2, 70 ದಾಟಿದರೆ 3 ಎಂದು ವಿಭಾಗ ಮೊದಲೇ ನಿಗದಿ ಮಾಡಿದ್ದರೆ ಸಾಧನೆಯ ಮಟ್ಟ 1. ಅದೇ ತರಗತಿ ಸಿಒ 1ರಲ್ಲಿ 32 ಮಂದಿಯೊಂದಿಗೆ 3ನೇ ಮಟ್ಟ ಮುಟ್ಟಿದ್ದರೆ, ವಿವರಣೆ ಬರುತ್ತದೆ ಆದರೆ ಶಾಸನಪಾಠ ಓದಲು ಬರುತ್ತಿಲ್ಲ ಎಂದು ಅರ್ಥ.

ಈ ಲೆಕ್ಕಕ್ಕೆ ಪ್ರಶ್ನೆವಾರು ಅಂಕ ಬೇಕು. ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಕಾಲೇಜಿಗೆ ಒಟ್ಟು ಅಂಕ ಮಾತ್ರ ಬಂದರೆ, ಅದನ್ನು ಎಲ್ಲ ಸಿಒಗೂ ಒಂದೇ ಸಮ ಎಂದು ಹಿಡಿಯುವ ರೂಢಿ ಇದೆ. ಹಾಗೆ ಮಾಡಿದರೆ ನಾಲ್ಕೂ ಸಿಒ ಹೆಚ್ಚುಕಡಿಮೆ ಒಂದೇ ಮಟ್ಟ ತೋರಿಸುತ್ತವೆ, ಎಲ್ಲಿ ಕೊರತೆ ಇದೆ ಎಂದು ಗೊತ್ತಾಗುವುದಿಲ್ಲ. ಅಂಥ ಕಡೆ ಆಂತರಿಕದ 20 ಅಂಕವನ್ನಾದರೂ ಪ್ರಶ್ನೆವಾರು ದಾಖಲಿಸಿಟ್ಟುಕೊಳ್ಳಿ. ಘಟಕ ಬದಲಿಸುವ ಅಧಿಕಾರ ಸಂಯೋಜಿತ ಕಾಲೇಜಿನ ಮೇಷ್ಟ್ರಿಗಿಲ್ಲ, ಅದು ಬಿಒಎಸ್ ಮತ್ತು ವಿದ್ಯಾವಿಷಯಕ ಪರಿಷತ್ತಿನ ಕೆಲಸ. ಆದರೆ ಸಿಒ 3 ಕಡಿಮೆ ಬಂದಿದ್ದರೆ, ಒಂದನೇ ಘಟಕದ ವಿವರಣೆಯನ್ನು ಒಂದೆರಡು ತರಗತಿ ಕಡಿಮೆ ಮಾಡಿ, ಆ ಹೊತ್ತಿನಲ್ಲಿ ವಿದ್ಯಾರ್ಥಿಗಳ ಕೈಗೆ ಶಾಸನಪಾಠ ಕೊಟ್ಟು ಓದಿಸುವುದು ಅವರ ಕೈಯಲ್ಲೇ ಇದೆ.