ಅತಿಥಿ ಪರಿಚಯಕ್ಕೆ ಮುನ್ನ: ಉಪನ್ಯಾಸಕರೊಂದಿಗೆ ಆಡಿಕೊಳ್ಳಬೇಕಾದ ಮಾತು

ಕಾಲೇಜಿನಲ್ಲೊಂದು ದತ್ತಿ ಉಪನ್ಯಾಸ ಎಂದುಕೊಳ್ಳಿ. ಬೆಳಿಗ್ಗೆ 11ಕ್ಕೆ ಪ್ರಾರ್ಥನೆ, ಆಮೇಲೆ ಸ್ವಾಗತ, ದೀಪ ಬೆಳಗುವುದು, ಪ್ರಾಸ್ತಾವಿಕ ನುಡಿ, ಅತಿಥಿ ಪರಿಚಯ, 11.30ಕ್ಕೆ ಉಪನ್ಯಾಸ. ಅತಿಥಿ ನಿವೃತ್ತ ಪ್ರಾಧ್ಯಾಪಕಿ, ವಿಷಯ ಬೀಸುವ ಪದಗಳು, ಅಂದರೆ ಬೀಸುಕಲ್ಲು ತಿರುಗಿಸುತ್ತಾ ಹೆಂಗಸರು ಹಾಡುವ ಜನಪದ ಹಾಡುಗಳು. ಪರಿಚಯ ಮಾಡುವವರು ಅವರನ್ನು 10.35ರ ಸುಮಾರಿಗೆ, ಪ್ರಾಂಶುಪಾಲರ ಕೊಠಡಿಯಲ್ಲಿ ಕಾಫಿ ಮುಗಿಯುವ ಹೊತ್ತಿಗೆ ಕಾಣಬೇಕು. ‘ಮೇಡಂ, ಐದು ನಿಮಿಷ ಈಚೆ ಬರ್ತೀರಾ?’ ಎಂದು ಕೇಳಿ ಪಕ್ಕಕ್ಕೆ ಕರೆದೊಯ್ಯಿರಿ. ನಾಲ್ಕು ಜನರ ಎದುರಿಗೆ ‘ಇದನ್ನು ಹೇಳಬೇಡಿ’ ಎನ್ನಲು ಯಾರೇ ಆದರೂ ಸಂಕೋಚಪಡುತ್ತಾರೆ.

ಸ್ವವಿವರವನ್ನು ವಾರ ಮೊದಲೇ ತರಿಸಿಕೊಂಡಿರಬೇಕು. ಈ ಭೇಟಿಗೆ ಬೇಕಾದದ್ದು ಬರೆದು ಮುಗಿಸಿದ ಪರಿಚಯದ ಎರಡು ಪ್ರತಿ, ಒಂದು ಪೆನ್ನು, ಅಷ್ಟೇ. ಎರಡು ನಿಮಿಷ ಮೀರದ ಪರಿಚಯವಾದರೆ ಅವರೂ ನಿಂತಲ್ಲೇ ಓದಿಬಿಡಬಹುದು.

ಎದ್ದು ಬರುವುದು ಯಾವಾಗ?

ನಮ್ಮ ಸಭೆಗಳಲ್ಲಿ ಅತಿಥಿಯ ಹೆಸರು ನಾಲ್ಕು ಸಲವಾದರೂ ಮೈಕಿನಲ್ಲಿ ಬರುತ್ತದೆ: ವೇದಿಕೆಗೆ ಕರೆಯುವಾಗ, ಸ್ವಾಗತಿಸುವಾಗ, ಹೂಗುಚ್ಛ ಕೊಡುವಾಗ, ಪರಿಚಯದಲ್ಲಿ. ‘ಹೆಸರು ಕರೆದಾಗ ಬನ್ನಿ’ ಎಂದಷ್ಟೇ ಹೇಳಿದ್ದರೆ ಹೂಗುಚ್ಛಕ್ಕೆ ಎದ್ದವರು ನೇರ ಮೈಕಿನ ಕಡೆ ನಡೆಯುತ್ತಾರೆ, ಇಲ್ಲವೇ ಪರಿಚಯ ಮುಗಿದರೂ ನಿರೂಪಕರು ಇನ್ನೊಮ್ಮೆ ಕರೆಯಲಿ ಎಂದು ಕೂತೇ ಇರುತ್ತಾರೆ. ಆದ್ದರಿಂದ ಕೊನೆಯ ವಾಕ್ಯವನ್ನು ಅಕ್ಷರಶಃ ಗೊತ್ತುಮಾಡಿಕೊಳ್ಳಿ: ‘ಈಗ ಉಪನ್ಯಾಸಕ್ಕಾಗಿ ಅವರನ್ನು ಆಹ್ವಾನಿಸುತ್ತೇನೆ.’ ‘ಈಗ ಉಪನ್ಯಾಸ’ ಎಂಬ ಮಾತು ಬೇರೆಲ್ಲೂ ಬರಬಾರದು. ಶಾಲು, ಫಲತಾಂಬೂಲದ ಸನ್ಮಾನ ಉಪನ್ಯಾಸಕ್ಕೆ ಮೊದಲೋ ನಂತರವೋ ಎಂಬುದನ್ನೂ ಆಗಲೇ ತಿಳಿಸಿ. ಮೊದಲೇ ಇದ್ದರೆ, ಆ ವಾಕ್ಯ ಬರುವುದು ಸನ್ಮಾನ ಮುಗಿದು ಅವರು ಮತ್ತೆ ಕುಳಿತ ಮೇಲೆ. ನೀವು ಮೈಕಿನ ಯಾವ ಬದಿಗೆ ಸರಿಯುತ್ತೀರಿ, ಮೈಕಿನ ಎತ್ತರ ಯಾರು ಸರಿಪಡಿಸುತ್ತಾರೆ ಎಂಬುದು ಒಂದೇ ಮಾತಿನಲ್ಲಿ ಮುಗಿಯುತ್ತದೆ.

ಮುಗಿಯುವ ಹೊತ್ತು

‘40 ನಿಮಿಷ’ ಎನ್ನುವುದಕ್ಕಿಂತ ‘12.10ಕ್ಕೆ ಮುಗಿಯಬೇಕು’ ಎನ್ನುವುದು ಕೆಲಸಕ್ಕೆ ಬರುತ್ತದೆ. ಆಮೇಲೆ ಅಧ್ಯಕ್ಷರ ಮಾತು, ವಂದನಾರ್ಪಣೆ ಇವೆ, 12.30ಕ್ಕೆ ಊರಿನ ಬಸ್ಸಿದ್ದರೆ ವಿದ್ಯಾರ್ಥಿಗಳು ಎದ್ದೇ ಏಳುತ್ತಾರೆ. ಪ್ರಾಸ್ತಾವಿಕ ನುಡಿ ಲಂಬಿಸಿ ಉಪನ್ಯಾಸ 11.45ಕ್ಕೆ ಶುರುವಾದರೆ ಉಳಿಯುವುದು 25 ನಿಮಿಷ. ಹಾಗಾದರೆ ಯಾವ ಭಾಗ ಬಿಡುತ್ತೀರಿ ಎಂದು ಈಗಲೇ ಕೇಳಿ. ಯೋಚಿಸಿಕೊಳ್ಳದೆ ವೇದಿಕೆ ಏರಿದವರು ಪೀಠಿಕೆಯನ್ನು ಪೂರ್ತಿ ಹೇಳಿ, ಹಾಡುಗಳ ವಿಶ್ಲೇಷಣೆಗೆ ಬರುವಷ್ಟರಲ್ಲಿ ಗಡಿಯಾರ ನೋಡಬೇಕಾಗುತ್ತದೆ. ಕೇಳುಗರು ಬಂದದ್ದೇ ಆ ಭಾಗಕ್ಕೆ.

ಐದು ನಿಮಿಷ ಉಳಿದಾಗ ಸೂಚನೆ ಕೊಡುವವರು ಎದುರಿಗೆ, ಮೊದಲ ಸಾಲಿನ ತುದಿಯಲ್ಲಿ ಕೂತಿರಲಿ. ದಪ್ಪ ಅಕ್ಷರದಲ್ಲಿ ‘5’ ಬರೆದ ಹಾಳೆ ಎತ್ತಿದರೆ ಸಾಕು. ಹಿಂದಿನಿಂದ ಬಂದು ಚೀಟಿ ಇಡುವುದು ಬೇಡ. ಅದನ್ನು ಓದಲು ಮಾತು ನಿಲ್ಲಿಸಬೇಕು, ಇಡೀ ಸಭೆಯ ಕಣ್ಣು ಆ ಚೀಟಿಯ ಮೇಲೆ ಹೋಗುತ್ತದೆ.

ಯಾವುದನ್ನು ಹೇಳುವುದಿಲ್ಲ?

ಹೆಚ್ಚು ಹೊತ್ತು ಇದಕ್ಕೇ ಕೊಡಿ. ಒಂದು ಪ್ರತಿಯನ್ನು ಅವರ ಕೈಗಿತ್ತು, ‘ಇದರಲ್ಲಿ ಯಾವುದು ಬೇಡ, ಹೊಡೆದುಹಾಕಿ’ ಎನ್ನಿ. ‘ಸರಿ ಇದೆಯಾ?’ ಎಂದು ಕೇಳಿದರೆ ಮರ್ಯಾದೆಗೆ ‘ಸರಿ ಇದೆ’ ಎಂದೇ ಉತ್ತರ ಬರುತ್ತದೆ.

ನಂತರ ‘ಮಾತು ಹೇಗೆ ಶುರು ಮಾಡ್ತೀರಿ?’ ಎಂದು ಕೇಳಿ. ನಮ್ಮ ಉದಾಹರಣೆಯ ಪ್ರಾಧ್ಯಾಪಕಿ ನಮಸ್ಕಾರಕ್ಕೂ ಮೊದಲು ಬೀಸುವ ಪದವೊಂದನ್ನು ಹಾಡಿಯೇ ಶುರುಮಾಡುವವರು. ಪರಿಚಯದಲ್ಲಿ ‘ಮೇಡಂ ಸೊಗಸಾಗಿ ಹಾಡುತ್ತಾರೆ, ಇಂದೂ ಹಾಡಲಿದ್ದಾರೆ’ ಎಂದುಬಿಟ್ಟರೆ ಆ ಆರಂಭ ಸತ್ತಂತೆ. ಬೀಸುವ ಪದ ಎಂದರೇನು ಎಂಬ ವಿವರಣೆಯೂ ಪರಿಚಯದ ಕೆಲಸವಲ್ಲ. ಅದು ಅವರ ಮೊದಲ ಪುಟ.

ಪ್ರಶಸ್ತಿಗಳ ಮೇಲೆ ಬೆರಳಿಟ್ಟು ಒಂದೊಂದನ್ನೇ ಕೇಳಿ. ದೆಹಲಿಯ ಸಾಹಿತ್ಯ ಅಕಾಡೆಮಿ ಬೇರೆ, ಕರ್ನಾಟಕ ಸಾಹಿತ್ಯ ಅಕಾಡೆಮಿ ಬೇರೆ. ಎರಡನೆಯದರಲ್ಲೂ ಪುಸ್ತಕ ಬಹುಮಾನ ಬೇರೆ, ಗೌರವ ಪ್ರಶಸ್ತಿ ಬೇರೆ. ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿಯನ್ನು ರಾಜ್ಯ ಪ್ರಶಸ್ತಿ ಎಂದು ಓದಿದರೆ ಅತಿಥಿ ತಮ್ಮ ಮಾತನ್ನು ತಿದ್ದುಪಡಿಯಿಂದ ಆರಂಭಿಸಬೇಕು, ಇಲ್ಲವೇ ಸುಳ್ಳನ್ನು ಹೊತ್ತು ನಿಲ್ಲಬೇಕು. ವಯಸ್ಸು, ಆರೋಗ್ಯ, ಮನೆಯವರ ಉದ್ಯೋಗ, ಇನ್ನೂ ಅಚ್ಚಾಗದ ಪುಸ್ತಕ, ಇವುಗಳಿಗೆ ಅವರ ಒಪ್ಪಿಗೆ ಬೇಕೇ ಬೇಕು.

ಹೊಡೆದುಹಾಕಿದ ಪ್ರತಿ ನಿಮ್ಮ ಬಳಿ ಉಳಿಯಲಿ. ಇನ್ನೊಂದು ಪ್ರತಿಯಲ್ಲೂ ಅವೇ ಗೆರೆ ಎಳೆದು, ವೇದಿಕೆ ಏರುವ ಮೊದಲೇ ಸ್ವಾಗತ ಕೋರುವವರಿಗೆ ತೋರಿಸಿ. ನಿಮಗಿಂತ ಮೊದಲು ಮೈಕು ಹಿಡಿಯುವವರು ಅವರು. ನೀವು ಬಿಟ್ಟ ಮಾತು ಅಲ್ಲೇ ಹೊರಬೀಳುವುದು ಹೆಚ್ಚು. ಅಧ್ಯಕ್ಷರಿಗೂ ಒಂದು ಮಾತು ತಿಳಿಸಿ.